‘ಜೋರಾಗಿ’ಯೊಳಗಿನ ರಾಗಿ

ಪರಿಚಯದ ಕಿರಾಣಿ ಅಂಗಡಿಯೊಂದರಲ್ಲಿ ಫೋನಿನಲ್ಲಿ ಬಂದ ಆರ್ಡರುಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡುತ್ತಾರೆ. ಒಬ್ಬ ಗಿರಾಕಿಗೆ ಒಂದು ಸೆಲ್. ಒಂದು ಬೆಳಿಗ್ಗೆಯ ಆರು ಸೆಲ್‌ಗಳು ಹೀಗಿದ್ದವು:

```
B2  ರಾಗಿ 5 ಕೆಜಿ
B3  ರಾಗಿಹಿಟ್ಟು 2 ಕೆಜಿ
B4  ಅಕ್ಕಿ 10 ಕೆಜಿ
B5  ಕುಚಲಕ್ಕಿ 5 ಕೆಜಿ
B6  ಸಕ್ಕರೆ 1 ಕೆಜಿ, ಬಾಗಿಲು ಜೋರಾಗಿ ಬಡಿಯಿರಿ
B7  ರಾಗಿ 2 ಕೆಜಿ, ರಾಗಿ ಹುರಿಹಿಟ್ಟು 1 ಕೆಜಿ
```

ರಾಗಿ ಬೇಕೆಂದವರು ಎಷ್ಟು ಜನ ಎಂದು ತಿಳಿಯಲು ಹಾಕಿದ್ದ ಸೂತ್ರ ಇದು:

```
=COUNTIF(B2:B7,"*ರಾಗಿ*")
```

ಉತ್ತರ 4 ಎಂದು ಬಂತು. “ರಾಗಿ ಕಾಳು ಕೇಳಿದವರು ಇಬ್ಬರೇ ಅಲ್ವಾ, ನಾಲ್ಕು ಅಂತ ಯಾಕೆ ತೋರಿಸ್ತಿದೆ?” ಎಂದರು ಅಂಗಡಿಯವರು.

ಇಲ್ಲಿ ನಕ್ಷತ್ರ ಚಿಹ್ನೆಯ ಅರ್ಥ ‘ಈ ಜಾಗದಲ್ಲಿ ಏನಾದರೂ ಇರಲಿ, ಏನೂ ಇಲ್ಲದಿದ್ದರೂ ಸರಿ’ ಎಂದು. ಅದನ್ನು ಬಿಟ್ಟು ಬರೀ `"ರಾಗಿ"` ಎಂದು ಕೊಟ್ಟಿದ್ದರೆ, ಆ ಒಂದೇ ಪದವಿರುವ ಸೆಲ್ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು, ಉತ್ತರ ಸೊನ್ನೆ. ಎರಡೂ ಕಡೆ ನಕ್ಷತ್ರ ಹಾಕಿದಾಗ ರಾ-ಗಿ ಎಂಬ ಅಕ್ಷರಗಳು ಒಟ್ಟಿಗೆ ಎಲ್ಲಿ ಕಂಡರೂ ಸಾಕು. ಪದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ಹಾಗಾಗಿ ರಾಗಿಹಿಟ್ಟೂ ಸೇರಿತು, ‘ಜೋರಾಗಿ’ಯೂ ಸೇರಿತು. B7ರಲ್ಲಿ ರಾಗಿ ಎರಡು ಸಲ ಇದ್ದರೂ ಒಂದೇ ಎಂದು ಎಣಿಸಿತು. ಅದು ಎಣಿಸುವುದು ಸೆಲ್‌ಗಳನ್ನು, ಪದಗಳನ್ನಲ್ಲ.

ಅಕ್ಕಿಯ ವಿಷಯದಲ್ಲಿ ಎಡವಟ್ಟು ಇದಕ್ಕೆ ತಿರುವುಮುರುವು. `"*ಅಕ್ಕಿ*"` ಎಂದು ಕೊಟ್ಟರೆ ಬರುವ ಉತ್ತರ 1. ಕುಚಲಕ್ಕಿಯಲ್ಲಿ ನಮ್ಮ ಕಿವಿಗೆ ಅಕ್ಕಿ ಕೇಳುತ್ತದೆ, ಆದರೆ ಸಂಧಿಯಲ್ಲಿ ‘ಅ’ ಹೋಗಿ ‘ಲ’ದೊಳಗೆ ಸೇರಿಕೊಂಡಿದೆ. ‘ಅ’ ಎಂಬ ಅಕ್ಷರವೇ ಆ ಸೆಲ್‌ನಲ್ಲಿಲ್ಲ. ಎಳ್ಳೆಣ್ಣೆಯಲ್ಲಿ ‘ಎಣ್ಣೆ’ ಹುಡುಕಿದರೂ ಇದೇ ಗತಿ. ಹೆಚ್ಚಾಗಿ ಬಂದ ಲೆಕ್ಕಕ್ಕಿಂತ ಇದು ನನಗೆ ಹೆಚ್ಚು ಚಿಂತೆಯ ಸಂಗತಿ, ಏಕೆಂದರೆ ಬಿಟ್ಟುಹೋದ ಸೆಲ್ ಕಣ್ಣಿಗೆ ಬೀಳುವುದೇ ಇಲ್ಲ. `"*ಕ್ಕಿ*"` ಎಂದು ಸಡಿಲಿಸಿದರೆ ಹಕ್ಕಿಯೂ ಒಳಗೆ ಬರುತ್ತದೆ. ಅದಕ್ಕಿಂತ ಕುಚಲಕ್ಕಿಗೆ ಇನ್ನೊಂದು `COUNTIF` ಬರೆದು ಕೂಡಿಸುವುದು ವಾಸಿ. ಆದರೆ ಅಕ್ಕಿ, ಕುಚಲಕ್ಕಿ ಎರಡೂ ಒಂದೇ ಸೆಲ್‌ನಲ್ಲಿದ್ದರೆ ಆ ಸೆಲ್ ಎರಡು ಸಲ ಲೆಕ್ಕವಾಗುತ್ತದೆ.

ರಾಗಿ ಎಂಬ ಬಿಡಿ ಪದವೇ ಬೇಕಿದ್ದರೆ ಸೆಲ್‌ನ ಎರಡೂ ತುದಿಗೆ ಖಾಲಿ ಜಾಗ ಸೇರಿಸಿ, ಅಲ್ಪವಿರಾಮವನ್ನೂ ಖಾಲಿ ಜಾಗವಾಗಿಸಿ, ಆಮೇಲೆ ಹುಡುಕಬೇಕು:

```
=SUMPRODUCT(--ISNUMBER(SEARCH(" ರಾಗಿ "," "&SUBSTITUTE(B2:B7,","," ")&" ")))
```

ಈಗ ಉತ್ತರ 2. B2 ಮತ್ತು B7 ಮಾತ್ರ. ಯಾರಾದರೂ ‘ರಾಗಿಯನ್ನು’ ಎಂದು ವಿಭಕ್ತಿ ಸೇರಿಸಿ ಬರೆದರೆ ಈ ಸೂತ್ರವೂ ಅದನ್ನು ಬಿಡುತ್ತದೆ. ಅಂಗಡಿಯವರು ಈಗ ಸಾಮಾನಿನ ಹೆಸರಿಗೆ ಒಂದು ಕಾಲಂ, ‘ಬಾಗಿಲು ಬಡಿಯಿರಿ’ ಎಂಬಂಥ ಸೂಚನೆಗೆ ಬೇರೊಂದು ಕಾಲಂ ಇಟ್ಟಿದ್ದಾರೆ. ಒಂದೊಂದು ಸಾಮಾನಿಗೆ ಒಂದೊಂದು ಸಾಲು.