ಖಡ್ಗಕ್ಕೊಂದು ನ್ಯಾಯ, ಸ್ಕ್ರಿಪ್ಟಿಗೊಂದು ನ್ಯಾಯ

ಸ್ಕೈರಿಮ್ ಆಟದಲ್ಲಿ ಮೊದಮೊದಲಿಗೇ ಕೈಗೆ ಸಿಗುವ ಆಯುಧಗಳಲ್ಲಿ ಕಬ್ಬಿಣದ ಖಡ್ಗವೂ ಒಂದು. ಪೆಟ್ಟಿನ ಬಲ 7, ತೂಕ 9, ಬೆಲೆ 25. ಇದು ತೀರಾ ಸಪ್ಪೆ ಎನಿಸಿದ ಆಟಗಾರನೊಬ್ಬ ಬಲವನ್ನು 10ಕ್ಕೆ ಏರಿಸುವ ಮಾಡ್ ಹಾಕಿಕೊಂಡ ಎನ್ನಿ. ಕೆಲವು ದಿನಗಳ ಮೇಲೆ ಆಯುಧಗಳ ತೂಕ ಇಳಿಸುವ, ಬೇರೊಬ್ಬರು ಮಾಡಿದ ಇನ್ನೊಂದು ಮಾಡ್ ಅವನ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಇದೇ ಖಡ್ಗದ ತೂಕ 5. ಎರಡನ್ನೂ ಹಾಕಿದರೆ ಬಲ 10, ತೂಕ 5 ಆಗಬೇಕಲ್ಲವೇ? ಆಟ ತೆರೆದು ನೋಡಿದರೆ ತೂಕವೇನೋ 5 ಆಗಿದೆ, ಬಲ ಮಾತ್ರ ಮತ್ತೆ 7ಕ್ಕೇ ಬಂದು ನಿಂತಿದೆ. ಎಚ್ಚರಿಕೆಯ ಸಂದೇಶ ಬರಲಿಲ್ಲ, ಆಟವೂ ನಿಲ್ಲಲಿಲ್ಲ. ಮೊದಲ ಮಾಡ್ ಇದ್ದೂ ಇಲ್ಲದಂತಾಗಿದೆ.

ಆಟದ ಕಂಪನಿಯ ಹೊರಗಿನವರು, ಹೆಚ್ಚಾಗಿ ಆಟಗಾರರೇ, ತಯಾರಿಸಿ ಸೇರಿಸುವ ಬದಲಾವಣೆಗಳಿಗೆ ಮಾಡ್ ಎನ್ನುತ್ತಾರೆ. ಇದಕ್ಕೆ ಬಾಗಿಲು ತೆರೆದಿಟ್ಟ ಕಂಪನಿಗಳಲ್ಲಿ ಅಮೆರಿಕದ ಬೆಥೆಸ್ಡಾ ಹೆಸರಾದದ್ದು. 2002ರ ಮಾರೋವಿಂಡ್ ಆಟವನ್ನು ಕಂಪ್ಯೂಟರಿಗೆ ಕೊಂಡವರಿಗೆ, ಆ ಲೋಕವನ್ನು ತಿದ್ದುವ ಸಲಕರಣೆಯನ್ನೂ ಅದು ಜೊತೆಯಲ್ಲೇ ಕೊಟ್ಟಿತ್ತು. 2011ರ ನವೆಂಬರ್‌ನಲ್ಲಿ ಸ್ಕೈರಿಮ್ ಬಂತು. ಅದನ್ನು ತಿದ್ದುವ ಕ್ರಿಯೇಷನ್ ಕಿಟ್ 2012ರ ಫೆಬ್ರವರಿಯಲ್ಲಿ ಸಿಕ್ಕಿತು. ಈ ಆಟಗಳನ್ನು ಇಷ್ಟು ವರ್ಷ ಕಳೆದರೂ ಜನ ಆಡುತ್ತಿರುವುದರಲ್ಲಿ ಮಾಡ್‌ಗಳ ಪಾಲು ದೊಡ್ಡದು. ಆದರೆ ಹತ್ತಾರು ಮಂದಿ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದೆ, ಒಂದೇ ಲೋಕವನ್ನು ತಿದ್ದಿದಾಗ ಯಾರ ಮಾತು ನಡೆಯಬೇಕು? ಅದಕ್ಕೆ ಆಟದೊಳಗೆ ಎರಡು ಬೇರೆ ಬೇರೆ ಕಟ್ಟಳೆಗಳಿವೆ. ಗೋಳಾಡುವ ಬಹುಪಾಲು ಆಟಗಾರರು ಒಂದನ್ನಷ್ಟೇ ಬಲ್ಲವರು.

ಮೊದಲು ಖಡ್ಗದ ಕಟ್ಟಳೆ ನೋಡೋಣ. ಸ್ಕೈರಿಮ್‌ನ ಲೋಕ ಒಂದು ದೊಡ್ಡ ದಾಖಲೆ ಪುಸ್ತಕ. ಪ್ರತಿ ಆಯುಧ, ಪ್ರತಿ ಮನುಷ್ಯ, ಪ್ರತಿ ಮಂತ್ರಕ್ಕೂ ಒಂದೊಂದು ರೆಕಾರ್ಡ್. ಪ್ರತಿ ರೆಕಾರ್ಡಿಗೂ ಎಂಟು ಅಂಕೆ-ಅಕ್ಷರಗಳ ಗುರುತಿನ ಸಂಖ್ಯೆ. ನಮ್ಮ ಖಡ್ಗದ್ದು `00012EB7`. ಮೊದಲ ಎರಡು ಸ್ಥಾನಗಳು ಅದು ಯಾವ ಕಡತದಿಂದ ಬಂತು ಎಂದು ಹೇಳುತ್ತವೆ. `00` ಎಂದರೆ ಮೂಲ ಕಡತ `Skyrim.esm`. ಮಾಡ್ ಎಂಬುದು ಸಾಮಾನ್ಯವಾಗಿ `.esp` ಎಂದು ಕೊನೆಯಾಗುವ ಇನ್ನೊಂದು ಕಡತ, ಅಂದರೆ ಪ್ಲಗಿನ್. ಅದು ಮೂಲ ಕಡತವನ್ನು ಮುಟ್ಟುವುದಿಲ್ಲ. ತಾನು ಬದಲಿಸಬೇಕಾದ ರೆಕಾರ್ಡಿನ ನಕಲನ್ನು ಅದೇ ಸಂಖ್ಯೆಯಡಿ ತನ್ನೊಳಗೆ ಇಟ್ಟುಕೊಂಡು, ಆ ನಕಲಿನಲ್ಲಿ ತಿದ್ದುತ್ತದೆ.

ಆಟ ಶುರುವಾಗುವಾಗ ಈ ಕಡತಗಳನ್ನು ಒಂದು ಪಟ್ಟಿಯ ಪ್ರಕಾರ ಮೇಲಿನಿಂದ ಕೆಳಕ್ಕೆ ಓದುತ್ತದೆ. ಆ ಪಟ್ಟಿಯೇ ಲೋಡ್ ಆರ್ಡರ್. ಸ್ಕೈರಿಮ್‌ನ 2016ರ ವಿಶೇಷ ಆವೃತ್ತಿಯಲ್ಲಿ ಅದು `plugins.txt` ಎಂಬ ಸಾದಾ ಕಡತದಲ್ಲಿರುತ್ತದೆ. ಹೆಸರಿನ ಹಿಂದೆ ನಕ್ಷತ್ರವಿದ್ದರೆ ಆ ಪ್ಲಗಿನ್ ಚಾಲ್ತಿಯಲ್ಲಿದೆ ಎಂದರ್ಥ:

```
*BalaHecchu.esp
*TukaKadime.esp
```

(ಎರಡೂ ನಮ್ಮ ಉದಾಹರಣೆಗೆ ಇಟ್ಟ ಹೆಸರುಗಳು.) ಒಂದೇ ಸಂಖ್ಯೆಯ ರೆಕಾರ್ಡ್ ಮತ್ತೆ ಎದುರಾದರೆ, ಕೊನೆಗೆ ಓದಿದ್ದೇ ಉಳಿಯುತ್ತದೆ. ಉಳಿಯುವುದು ಇಡೀ ರೆಕಾರ್ಡ್ ಎಂಬುದನ್ನು ಗಮನಿಸಬೇಕು. ಅದರೊಳಗಿನ ಒಂದೊಂದು ಸಾಲನ್ನು ಆಟ ಹೋಲಿಸಿ ನೋಡುವುದಿಲ್ಲ. ಮದುವೆಯ ಕರೆಯೋಲೆಯ ಕರಡಿನಲ್ಲಿ ದೊಡ್ಡಪ್ಪ ಒಂದು ಪ್ರತಿ ತೆಗೆದುಕೊಂಡು ಮುಹೂರ್ತ ತಿದ್ದಿ, ಅತ್ತೆ ಇನ್ನೊಂದು ಪ್ರತಿಯಲ್ಲಿ ಛತ್ರದ ವಿಳಾಸ ತಿದ್ದಿ ಕೊಟ್ಟರೆ, ಮುದ್ರಣದವನು ಕೊನೆಗೆ ಕೈಸೇರಿದ ಪ್ರತಿಯನ್ನೇ ಅಚ್ಚು ಹಾಕುತ್ತಾನೆ. ವಿಳಾಸ ಸರಿಯಾಗಿರುತ್ತದೆ, ಮುಹೂರ್ತ ಹಳೆಯದೇ ಇರುತ್ತದೆ. ತೂಕದ ಮಾಡ್ ಮಾಡಿದವರು ಮೂಲದ ನಕಲು ತೆಗೆದಾಗ ಅದರಲ್ಲಿ ಬಲ 7 ಎಂದೇ ಇತ್ತು. ಅವರ ಕಡತ ಕೊನೆಗೆ ಬಂದದ್ದರಿಂದ ಆ 7 ಕೂಡ ಗೆದ್ದಿತು.

ಪಟ್ಟಿಯನ್ನು ತಿರುಗಿಸಿದರೆ? ಬಲ 10 ಆಗುತ್ತದೆ, ತೂಕ 9ಕ್ಕೆ ಮರಳುತ್ತದೆ. ಎರಡು ಮಾಡ್‌ಗಳು ಒಂದೇ ರೆಕಾರ್ಡಿನ ಬೇರೆ ಬೇರೆ ಸಾಲುಗಳನ್ನು ತಿದ್ದಿದ್ದರೆ ಯಾವ ಕ್ರಮದಲ್ಲಿಟ್ಟರೂ ಒಂದಕ್ಕೆ ನಷ್ಟವೇ. ಇದಕ್ಕಿರುವ ಮದ್ದು ಮೂರನೆಯ ಒಂದು ಪುಟ್ಟ ಪ್ಲಗಿನ್. ಅದರಲ್ಲಿ ಅದೇ `00012EB7` ರೆಕಾರ್ಡ್ ಇಟ್ಟು, ಬಲ 10, ತೂಕ 5 ಎಂದು ಬರೆದು, ಪಟ್ಟಿಯ ತೀರಾ ಕೆಳಗೆ ಇಡುವುದು. ಇದನ್ನೇ ಪ್ಯಾಚ್ ಎನ್ನುತ್ತಾರೆ. ಸ್ಕೈರಿಮ್‌ನ ವಿಶೇಷ ಆವೃತ್ತಿಗೆ `SSEEdit` ಎಂಬ ಉಚಿತ ಸಲಕರಣೆ ಇದೆ. ಒಂದು ರೆಕಾರ್ಡನ್ನು ಯಾವ ಯಾವ ಪ್ಲಗಿನ್ ಮುಟ್ಟಿದೆ ಎಂದು ಅದು ಪಕ್ಕಪಕ್ಕದ ಕಂಬಸಾಲುಗಳಲ್ಲಿ ತೋರಿಸುತ್ತದೆ. ತೀರಾ ಬಲಗಡೆ ಇರುವುದೇ ಆಟದಲ್ಲಿ ಕಾಣುವ ಬೆಲೆ. ಅಲ್ಲೇ ಒಂದು ಕಂಬಸಾಲಿನಿಂದ ಇನ್ನೊಂದಕ್ಕೆ ಬೆಲೆಯನ್ನು ಎಳೆದು ಹಾಕಿ ಪ್ಯಾಚ್ ಮಾಡಿಕೊಳ್ಳಬಹುದು.

ಲೋಡ್ ಆರ್ಡರನ್ನು ತಾನೇ ಜೋಡಿಸಿಕೊಡುವ `LOOT` ಎಂಬ ತಂತ್ರಾಂಶವೂ ಇದೆ. ಅದು ಒಳ್ಳೆಯದೇ; ಒಂದು ಪ್ಲಗಿನ್ ಇನ್ನೊಂದನ್ನು ಅವಲಂಬಿಸಿದ್ದರೆ ಅವಲಂಬಿತವನ್ನು ಕೆಳಗಿಡುತ್ತದೆ, ಬೇಕಾದ ಕಡತವೇ ಇಲ್ಲದಿದ್ದರೆ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಕಡೆಗಣಿಸಿದರೆ ಆಟ ಮುಖಪುಟ ಬರುವ ಮೊದಲೇ ಮುಚ್ಚಿಹೋಗುತ್ತದೆ. ಆದರೆ ನಿಮಗೆ ಬೇಕಾದದ್ದು ಹಗುರ ಖಡ್ಗವೋ ಹರಿತ ಖಡ್ಗವೋ ಅದಕ್ಕೇನು ಗೊತ್ತು? ‘ಜೋಡಿಸಿಬಿಟ್ಟೆ, ಇನ್ನು ಸಮಸ್ಯೆಯಿಲ್ಲ’ ಎನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಈಗ ಎರಡನೆಯ ಕಟ್ಟಳೆ. ಖಡ್ಗದ ತೂಕ ಒಂದು ಸಂಖ್ಯೆ ಮಾತ್ರ. ‘ಆಟಗಾರ ರಕ್ತಪಿಶಾಚಿಯಾದ ಮೇಲೆ ಒಂದು ದಿನ ರಕ್ತ ಕುಡಿಯದಿದ್ದರೆ ಮುಂದಿನ ಹಂತಕ್ಕೆ ಹೋಗಬೇಕು’ ಎಂಬಂಥ ನಡವಳಿಕೆಗೆ ಸ್ಕ್ರಿಪ್ಟ್ ಬೇಕು. ಮಾರೋವಿಂಡ್‌ನಲ್ಲೂ ಅದರ ನಂತರದ ಆಬ್ಲಿವಿಯನ್‌ನಲ್ಲೂ ಸ್ಕ್ರಿಪ್ಟ್ ಕೂಡ ಪ್ಲಗಿನ್‌ನೊಳಗಿನ ಒಂದು ರೆಕಾರ್ಡೇ ಆಗಿತ್ತು. ಹಾಗಾಗಿ ಲೋಡ್ ಆರ್ಡರ್ ಅದನ್ನೂ ಆಳುತ್ತಿತ್ತು. ಸ್ಕೈರಿಮ್‌ಗೆ ಬೆಥೆಸ್ಡಾ ಪಪೈರಸ್ ಎಂಬ ಹೊಸ ಭಾಷೆ ತಂದಿತು. ಅದರಲ್ಲಿ ಪ್ರತಿ ಸ್ಕ್ರಿಪ್ಟೂ `Data\Scripts` ಫೋಲ್ಡರಿನಲ್ಲಿ ಸಲ್ಲುವ ಪ್ರತ್ಯೇಕ ಕಡತ. ಮನುಷ್ಯರು ಓದುವ ರೂಪ `.psc`, ಯಂತ್ರ ಓಡಿಸುವ ರೂಪ `.pex`. ಎರಡು ಮಾಡ್‌ಗಳು ಒಂದೇ ಹೆಸರಿನ `.pex` ತಂದರೆ ಗೆಲ್ಲುವವರನ್ನು ಸಾಮಾನ್ಯವಾಗಿ ಲೋಡ್ ಆರ್ಡರ್ ನಿರ್ಧರಿಸುವುದಿಲ್ಲ. ಫೋಲ್ಡರಿನಲ್ಲಿ ಒಂದರ ಮೇಲೆ ಇನ್ನೊಂದು ಬಿದ್ದು, ಮೇಲಿನದೇ ಉಳಿಯುತ್ತದೆ. ಕಡತವೊಂದು ಬಿಡಿಯಾಗಿದ್ದು ಇನ್ನೊಂದು `.bsa` ಎಂಬ ಕಟ್ಟಿನೊಳಗಿದ್ದರೆ ಬಿಡಿಯದೇ ಗೆಲ್ಲುತ್ತದೆ. ಎರಡೂ ಕಟ್ಟಿನೊಳಗೇ ಇದ್ದಾಗ ಮಾತ್ರ ಪ್ಲಗಿನ್ ಪಟ್ಟಿಯ ಮಾತು ನಡೆಯುತ್ತದೆ.

ಇಲ್ಲೊಂದು ಕಥೆಯನ್ನು ಕಟ್ಟಿ ನೋಡೋಣ. ಪಿಶಾಚಿಯ ಹಂತಗಳನ್ನು ನಡೆಸುವ ಮೂಲ ಸ್ಕ್ರಿಪ್ಟಿನ ಹೆಸರು `PlayerVampireQuestScript`. ಪಿಶಾಚಿ ಜೀವನವನ್ನು ಬದಲಿಸುವ ಮಾಡ್‌ಗಳು ಕೈ ಹಾಕುವುದು ಹೆಚ್ಚಾಗಿ ಇದಕ್ಕೇ. ‘ಅ’ ಎಂಬ ಮಾಡ್ ಹೊಸದೊಂದು ಮಂತ್ರ ಸೇರಿಸಲು ಇದನ್ನು ತಿದ್ದಿದೆ, ‘ಆ’ ಎಂಬುದು ರಕ್ತ ಕುಡಿಯುವ ಲೆಕ್ಕ ಇಡಲು ತಿದ್ದಿದೆ ಎನ್ನಿ. ಸ್ಕ್ರಿಪ್ಟಿನೊಳಗೆ ಪ್ರಾಪರ್ಟಿ ಎಂಬ ಖಾಲಿ ಜಾಗಗಳಿರುತ್ತವೆ. ಯಾವ ಜಾಗಕ್ಕೆ ಯಾವ ಮಂತ್ರ, ಯಾವ ಎಣಿಕೆ ಎಂಬ ವಿವರ ಮಾತ್ರ ಪ್ಲಗಿನ್‌ನ ರೆಕಾರ್ಡಿನಲ್ಲಿರುತ್ತದೆ. ಹೀಗೆ ಅರ್ಧ ಕೆಲಸ ಒಂದು ಕಟ್ಟಳೆಯ ಕೈಯಲ್ಲಿ, ಇನ್ನರ್ಧ ಇನ್ನೊಂದರ ಕೈಯಲ್ಲಿ.

ಆಟಗಾರ ಲೋಡ್ ಆರ್ಡರಿನಲ್ಲಿ ‘ಅ’ವನ್ನು ಕೆಳಗಿಟ್ಟ. ಆದರೆ ಅನುಸ್ಥಾಪಿಸುವಾಗ ‘ಆ’ದ ಸ್ಕ್ರಿಪ್ಟ್ ಮೇಲೆ ಬಿದ್ದಿದೆ. ಈಗ ರೆಕಾರ್ಡ್ ‘ಅ’ದ್ದು, ಸ್ಕ್ರಿಪ್ಟ್ ‘ಆ’ದ್ದು. ‘ಅ’ದ ರೆಕಾರ್ಡ್ ಹೊಸ ಮಂತ್ರವನ್ನು ತುಂಬಲು ಹೋದರೆ ಸ್ಕ್ರಿಪ್ಟಿನಲ್ಲಿ ಆ ಜಾಗವೇ ಇಲ್ಲ. ‘ಆ’ದ ಸ್ಕ್ರಿಪ್ಟ್ ತನ್ನ ಎಣಿಕೆಯನ್ನು ಹುಡುಕಿದರೆ ಜಾಗವಿದೆ, ತುಂಬುವವರಿಲ್ಲ. ರಕ್ತ ಕುಡಿದರೂ ಲೆಕ್ಕ ಏರುವುದಿಲ್ಲ, ಮಂತ್ರವೂ ಸಿಗುವುದಿಲ್ಲ. ಆಟ ಮಾತ್ರ ಏನೂ ಆಗದವರಂತೆ ನಡೆಯುತ್ತಲೇ ಇರುತ್ತದೆ.

ಇದನ್ನು ಪತ್ತೆ ಮಾಡುವುದು ಹೇಗೆ? `Skyrim.ini` ಕಡತದಲ್ಲಿ ಈ ಸಾಲುಗಳನ್ನು ಸೇರಿಸಿದರೆ ಪಪೈರಸ್ ತನ್ನ ದಿನಚರಿ ಬರೆಯತೊಡಗುತ್ತದೆ:

```
[Papyrus]
bEnableLogging=1
bEnableTrace=1
bLoadDebugInformation=1
```

ಆಟದ ದಾಖಲೆಗಳ ಫೋಲ್ಡರಿನಲ್ಲಿ `Logs\Script` ಒಳಗೆ `Papyrus.0.log` ಎಂಬ ಕಡತ ಹುಟ್ಟುತ್ತದೆ. ಅದರಲ್ಲಿ ನಮ್ಮ ಸ್ಕ್ರಿಪ್ಟಿನ ಹೆಸರಿನ ಜೊತೆಗೆ `cannot be initialized because the script no longer contains that property` ಎಂದಿದ್ದರೆ, ರೆಕಾರ್ಡ್ ಒಬ್ಬರದು, ಸ್ಕ್ರಿಪ್ಟ್ ಇನ್ನೊಬ್ಬರದು ಎಂದು ಹೆಚ್ಚುಕಡಿಮೆ ಖಚಿತ. `on a None object, aborting function call` ಎಂದಿದ್ದರೆ, ತುಂಬಬೇಕಿದ್ದ ಜಾಗ ಖಾಲಿ ಉಳಿದಿರಬಹುದು. ಆದರೆ ಈ ಸಾಲು ಬೇರೆ ಕಾರಣಗಳಿಗೂ ಬರುತ್ತದೆ, ಮೂಲ ಆಟದ ಸ್ಕ್ರಿಪ್ಟುಗಳೂ ಇದನ್ನು ಬರೆಯುತ್ತವೆ. ದಿನಚರಿ ತುಂಬ ಇಂಥ ಸಾಲು ಕಂಡು ಗಾಬರಿಬೀಳುವುದು ಬೇಡ; ಕೆಟ್ಟಿರುವ ಕೆಲಸಕ್ಕೆ ಸಂಬಂಧಿಸಿದ ಸ್ಕ್ರಿಪ್ಟಿನ ಹೆಸರನ್ನಷ್ಟೇ ಹುಡುಕಿ.

ಇನ್ನು ಪರಿಹಾರ. ಮಾಡ್ ಆರ್ಗನೈಸರ್ ಬಳಸುವವರಿಗೆ ಈ ಎರಡು ಕಟ್ಟಳೆ ಕಣ್ಣಿಗೇ ಕಾಣುತ್ತವೆ: ಎಡಗಡೆಯ ಪಟ್ಟಿ ಕಡತಗಳದ್ದು, ಬಲಗಡೆಯದು ಪ್ಲಗಿನ್‌ಗಳದ್ದು. ಬಲಗಡೆ ಎಷ್ಟೇ ಮೇಲೆ ಕೆಳಗೆ ಎಳೆದಾಡಿದರೂ ಬಿಡಿ ಸ್ಕ್ರಿಪ್ಟ್ ಕದಲುವುದಿಲ್ಲ. ಎರಡೂ ಕಡೆ ಒಂದೇ ಮಾಡ್ ಗೆಲ್ಲುವಂತೆ ಇಟ್ಟರೆ ಅಷ್ಟು ಮಟ್ಟಿಗೆ ಕೆಲಸ ಸರಿಹೋಗುತ್ತದೆ. ಸೋತ ಮಾಡ್‌ನ ಸ್ಕ್ರಿಪ್ಟ್ ಭಾಗವನ್ನು ಮರೆಯಬೇಕಾಗುತ್ತದೆ. ಎರಡೂ ಬೇಕೆಂದರೆ ಖಡ್ಗಕ್ಕೆ ಮಾಡಿದಂತೆ ಎಳೆದು ಹಾಕುವ ದಾರಿ ಇಲ್ಲಿಲ್ಲ. ಎರಡೂ `.psc` ಕಡತಗಳನ್ನು ತೆರೆದು, ಇಬ್ಬರ ತಿದ್ದುಪಡಿಗಳನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಕೈಯಾರೆ ಹೊಂದಿಸಿ, ಕ್ರಿಯೇಷನ್ ಕಿಟ್‌ನಲ್ಲಿ ಕಂಪೈಲ್ ಮಾಡಿ, ಎರಡೂ ಗುಂಪಿನ ಪ್ರಾಪರ್ಟಿಗಳನ್ನು ತುಂಬುವ ಪ್ಯಾಚ್ ಬರೆಯಬೇಕು. ಇದು ಪ್ರೋಗ್ರಾಮಿಂಗ್ ಬಲ್ಲವರ ಕೆಲಸ. ಪಳಗಿದ ಮಾಡ್ ಲೇಖಕರು ಮೂಲ ಸ್ಕ್ರಿಪ್ಟುಗಳನ್ನು ಆದಷ್ಟು ಮುಟ್ಟದೆ, ತಮ್ಮದೇ ಹೆಸರಿನ ಹೊಸ ಸ್ಕ್ರಿಪ್ಟನ್ನು ಪಕ್ಕದಲ್ಲಿ ಓಡಿಸುವುದು ಇದಕ್ಕೇ. ಎರಡು ಮಾಡ್‌ಗಳ ನಡುವೆ ಆಯ್ಕೆ ಬಂದಾಗ ನಾನು ಮೊದಲು ನೋಡುವುದೂ ಅದನ್ನೇ.

ಸರಿಪಡಿಸಿ ಹಳೆಯ ಸೇವ್ ತೆರೆದ ಮೇಲೂ ಏನೂ ಬದಲಾಗಿಲ್ಲ ಎಂದು ದೂರುವವರು ಬಹಳ. ಸೇವ್ ಕಡತದೊಳಗೆ ಓಡುತ್ತಿರುವ ಸ್ಕ್ರಿಪ್ಟುಗಳ ಸ್ಥಿತಿಯೂ, ಒಮ್ಮೆ ತುಂಬಿದ ಪ್ರಾಪರ್ಟಿಗಳ ಬೆಲೆಯೂ ಸೇರಿಹೋಗಿರುತ್ತವೆ. ಖಡ್ಗದ ತೂಕವನ್ನು ಆಟ ಪ್ರತಿ ಸಲ ಪ್ಲಗಿನ್‌ನಿಂದ ಹೊಸದಾಗಿ ಓದುತ್ತದೆ. ಸ್ಕ್ರಿಪ್ಟಿನ ಈ ಬೆಲೆಗಳನ್ನು ಹಾಗೆ ಓದುವುದಿಲ್ಲ, ಸೇವ್‌ನಲ್ಲಿದ್ದದ್ದನ್ನೇ ಮುಂದುವರಿಸುತ್ತದೆ. ನಡುವೆ ಒಂದು ಮಾಡ್ ಕಿತ್ತುಹಾಕಿದರೂ ಅದರ ಸ್ಕ್ರಿಪ್ಟಿನ ಪಳೆಯುಳಿಕೆ ಸೇವ್‌ನಲ್ಲಿ ಉಳಿಯುತ್ತದೆ, ದಿನಚರಿಯಲ್ಲಿ `Cannot open store for class` ಎಂದು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಸ್ಕ್ರಿಪ್ಟ್ ಇರುವ ಮಾಡ್‌ಗಳನ್ನು ಹೊಸ ಆಟದಲ್ಲಿ ಮೊದಲು ಪರೀಕ್ಷಿಸಿ, ಪಟ್ಟಿ ಗಟ್ಟಿಮಾಡಿಕೊಂಡು ಆಮೇಲೆ ಆಡಲು ಕೂರಿ. ನಲವತ್ತು ಗಂಟೆ ಆಡಿದ ಸೇವ್‌ನ ನಡುವೆ ಇಂಥದ್ದೊಂದನ್ನು ತೆಗೆಯಬೇಕು ಅನ್ನಿಸಿದರೆ, ಆ ಮಾಡ್ ಹಾಕುವ ಮುಂಚಿನ ಸೇವ್‌ಗೆ ಹಿಂತಿರುಗಿ. ಅಂಥ ಸೇವ್ ಇಲ್ಲದಿದ್ದರೆ ತೆಗೆಯಬೇಡಿ.