ಮಳೆ ಬೇಡುವ ಕೈಗಳು

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬೀಡುಬಿಟ್ಟಿರುವ ನಮಗೆ ಮಳೆಯೆಂದರೆ ಒದ್ದೆ ಕೊಡೆ, ತಡವಾಗಿ ಬರುವ ಲೋಕಲ್ ಗಾಡಿ. ಘಟ್ಟದಾಚೆಯ ಬಯಲುಸೀಮೆಯ ರೈತನಿಗಾದರೋ ಅದು ನಕ್ಷತ್ರಗಳ ಲೆಕ್ಕ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರಾ. ಈ ಮಳೆಗಳು ಕೈಕೊಟ್ಟು, ಬಿತ್ತಿದ ಕಾಳು ಮಣ್ಣಿನಲ್ಲೇ ಒಣಗತೊಡಗಿದಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ 'ಗುರ್ಜಿ' ಹೊರಡುತ್ತದೆ.

ಗುರ್ಜಿಗೆ ಗುಡಿಯಿಲ್ಲ, ಬೆಳ್ಳಿಯ ಪ್ರಭಾವಳಿಯಿಲ್ಲ. ರೊಟ್ಟಿ ಬೇಯಿಸುವ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಸಗಣಿಯಿಂದ ಒಂದು ಪುಟ್ಟ ಮೂರ್ತಿ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿದರೆ ದೇವರು ಸಿದ್ಧ. ಒಬ್ಬ ಹುಡುಗ ಅದನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಉಳಿದವರು ಹಾಡುತ್ತ ಹಿಂದೆ ನಡೆಯುತ್ತಾರೆ. ಮನೆಯ ಬಾಗಿಲಿಗೆ ಬಂದೊಡನೆ ತಾಯಂದಿರು ಗುರ್ಜಿಯ ಮೇಲೆ ನೀರು ಸುರಿಯುತ್ತಾರೆ. ಹೊತ್ತವನು ಗಿರಗಿರನೆ ತಿರುಗುತ್ತಾನೆ, ನೀರು ನಾಲ್ಕು ಕಡೆಗೂ ಹನಿಹನಿಯಾಗಿ ಸಿಡಿಯುತ್ತದೆ. ಬಳಿಕ ಜೋಳವನ್ನೋ ಹಿಟ್ಟನ್ನೋ ನೀಡುತ್ತಾರೆ. ಹೀಗೆ ಕೂಡಿದ ಕಾಳಿನಿಂದ ಅಡಿಗೆ ಮಾಡಿ ಎಲ್ಲರೂ ಒಂದಾಗಿ ಉಣ್ಣುತ್ತಾರೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಬಾವಿ ಬತ್ತಿದ ದಿನಗಳಲ್ಲಿ ಒಂದು ತಂಬಿಗೆ ನೀರು ಸಣ್ಣ ಮಾತಲ್ಲ. ಇಲ್ಲದಿದ್ದುದನ್ನು ಬೇಡುವ ಮೊದಲು ಇದ್ದುದರಲ್ಲೇ ಒಂದಿಷ್ಟನ್ನು ಸುರಿದುಬಿಡುತ್ತಾರೆ. ಇನ್ನು, ಹಂಚು ಬೋರಲಾಗಿದೆಯೆಂದರೆ ಒಲೆಯ ಮೇಲೆ ರೊಟ್ಟಿಯಿಲ್ಲವೆಂದೇ ಅರ್ಥವಲ್ಲವೇ? ಊರಿಗೆ ಊರೇ ತನ್ನ ಬಡತನವನ್ನು ತಲೆಯ ಮೇಲೆ ಹೊತ್ತು ಬಾಗಿಲು ಬಾಗಿಲಿಗೆ ತಿರುಗುವ ಪೂಜೆ ಇದು. ಹಳೆಯ ಮೈಸೂರಿನ ಕಡೆ ಹಸಿಮಣ್ಣಿನ 'ಮಳೆರಾಯ'ನನ್ನು ಮಣೆಯ ಮೇಲಿಟ್ಟು ಹೊರುತ್ತಾರೆ. ನಾವಿರುವ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹುಡುಗನೊಬ್ಬನ ಮೈಗೆ ಬೇವಿನ ಸೊಪ್ಪು ಕಟ್ಟಿ, 'ಧೋಂಡಿ'ಯೆಂದು ಕರೆದು, ಅವನಿಗೇ ನೀರೆರೆಯುತ್ತಾರೆ. ಹೆಸರು ಬೇರೆ, ಭಾಷೆ ಬೇರೆ. ಬೇಡುವ ರೀತಿ ಒಂದೇ.

ಅದೇ ಹಳ್ಳಿಯ ಮುಸಲ್ಮಾನ ಬಂಧುಗಳು ಇಂಥ ಹೊತ್ತಿನಲ್ಲಿ ಊರ ಹೊರಗಿನ ಬಯಲಿಗೆ, ಹೆಚ್ಚಾಗಿ ಈದ್ಗಾಕ್ಕೆ, ಹೋಗುತ್ತಾರೆ. ಈ ಪ್ರಾರ್ಥನೆಗೆ 'ಇಸ್ತಿಸ್ಕಾ' ಎಂದು ಹೆಸರು. ನೀರು ಬೇಡುವುದೆಂದು ಅದರ ಅರ್ಥ. ಹಬ್ಬದ ದಿನ ಹೊಸ ಬಟ್ಟೆ ಉಟ್ಟು, ಅತ್ತರು ಪೂಸಿಕೊಂಡು ಬರುವ ಬಯಲಿಗೇ ಅಂದು ಹಳೆಯ ಸಾದಾ ಬಟ್ಟೆಯಲ್ಲಿ, ತಲೆ ತಗ್ಗಿಸಿ ಬರಬೇಕು. ಮುದುಕರು, ಮಕ್ಕಳು ಜೊತೆಗಿರುವುದು ಒಳ್ಳೆಯದೆನ್ನುತ್ತಾರೆ. ಅದಕ್ಕೂ ಮೊದಲು ಜಗಳ ಬಿಡಬೇಕು, ಇನ್ನೊಬ್ಬರಿಂದ ಅನ್ಯಾಯವಾಗಿ ಪಡೆದುದನ್ನು ಹಿಂದಿರುಗಿಸಬೇಕು, ದಾನ ಮಾಡಬೇಕು ಎಂಬುದು ಹಿರಿಯರ ಕಟ್ಟಳೆ. ಎರಡು ರಕಾತ್ ನಮಾಜು, ಪ್ರವಚನ, ತಪ್ಪುಗಳಿಗಾಗಿ ಕ್ಷಮಾಯಾಚನೆ. ಕೊನೆಗೆ ಇಮಾಮರು ಹೊದ್ದ ಬಟ್ಟೆಯನ್ನು ತಿರುವಿ ಹೊದೆಯುತ್ತಾರೆ. ಬೇಡುವಾಗ ಅಂಗೈಯನ್ನು ಕೆಳಗೆ ಮಾಡಿ, ಕೈಯ ಹಿಂಬದಿಯನ್ನು ಆಕಾಶಕ್ಕೆ ತೋರುವುದೂ ಉಂಟು. ಪೈಗಂಬರರು ಹೀಗೆ ಮಾಡಿದರೆಂದು ಹದೀಸುಗಳಲ್ಲಿದೆ. ನಮ್ಮ ಸ್ಥಿತಿಯೂ ಹೀಗೇ ತಿರುಗಲಿ ಎಂಬುದು ಅದರ ಭಾವ. ಅಲ್ಲಿ ಹಂಚು ಬೋರಲು, ಇಲ್ಲಿ ಬಟ್ಟೆ ತಿರುವು. ಒಬ್ಬರನ್ನೊಬ್ಬರು ನೋಡಿ ಕಲಿತದ್ದಲ್ಲ. ಕಷ್ಟವೇ ಇಬ್ಬರಿಗೂ ಒಂದೇ ಪಾಠ ಹೇಳಿಕೊಟ್ಟಂತಿದೆ.

ಇನ್ನೊಂದು ಮಾದರಿ ನಮ್ಮ ಠಾಣೆಯಲ್ಲಿಯೇ ಉಂಟು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸುತ್ತಿದ್ದ ಬೆನೆ ಇಸ್ರೇಲಿ ಯಹೂದ್ಯರು 1879ರಲ್ಲಿ ಇಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರದ ಹೆಸರಿನ ಅರ್ಥ 'ಆಕಾಶದ ಬಾಗಿಲು'. ಯಹೂದ್ಯರು ಪರ್ಣಶಾಲೆಯ ಹಬ್ಬ ಮುಗಿಯುವಾಗ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ, ಮಳೆಗಾಗಿ ಪ್ರಾರ್ಥಿಸುತ್ತಾರೆ. ಆಗ ನಮ್ಮ ಕೊಂಕಣದಲ್ಲಿ ಮಳೆ ಮುಗಿಯುವ ಕಾಲ! ಆ ಬೇಡಿಕೆ ಸಮುದ್ರದಾಚೆಯ ಪೂರ್ವಜರ ನಾಡಿನ ಚಳಿಗಾಲದ ಮಳೆಗಾಗಿ. ಮಳೆ ಬರಲಿ, ಆದರೆ ಹರಕೆಯಾಗಿ ಬರಲಿ, ಶಾಪವಾಗಿ ಬೇಡ ಎಂಬ ಭಾವ ಅದರಲ್ಲಿದೆ. ಪೈಗಂಬರರೂ ಮಳೆ ಅತಿಯಾದಾಗ, ನಮ್ಮ ಮೇಲೆ ಬೇಡ, ಸುತ್ತಲ ಬೆಟ್ಟ ಕಣಿವೆಗಳ ಮೇಲೆ ಸುರಿಯಲಿ ಎಂದು ಬೇಡಿದರಂತೆ. ಈ ಎಚ್ಚರದ ಬೆಲೆ ನಮಗೆ ಚೆನ್ನಾಗಿ ಗೊತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಕಲ್ಯಾಣ, ಡೊಂಬಿವಲಿಗಳ ಎಷ್ಟು ಮನೆಗಳಿಗೆ ನೀರು ನುಗ್ಗಲಿಲ್ಲ!

ನೀರೆರೆದ ಮಾತ್ರಕ್ಕೆ ಮೋಡ ಕೂಡುವುದೇ ಎಂದು ಕೇಳುವವರುಂಟು. 2023ರಲ್ಲಿ ಕರ್ನಾಟಕದ 200ಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಬೇಡುವವರು ಇದ್ದೇ ಇದ್ದರು. ಗುರ್ಜಿ ಹೊತ್ತ ರೈತನಿಗೂ ಇದು ತಿಳಿಯದ್ದಲ್ಲ. ಮರುಬಿತ್ತನೆಗೆಂದು ಒಂದಿಷ್ಟು ಬೀಜವನ್ನು ಅವನು ಮನೆಯಲ್ಲಿ ಕಾದಿರಿಸಿಯೇ ಇರುತ್ತಾನೆ. ಮಳೆಯನ್ನು ಅವನು ಸಾಲಗಾರನನ್ನು ಕೇಳುವಂತೆ ಕೇಳುವುದಿಲ್ಲ. ಬಾಗಿಲಲ್ಲಿ ನಿಂತು ಬೇಡುತ್ತಾನೆ. ಕೊಡುವುದೂ ಬಿಡುವುದೂ ಒಳಗಿರುವವನ ಇಷ್ಟ.