ಕೆರೆ ಹೂಳೆತ್ತುವಿಕೆ: ದಾನಿ ಸಂಸ್ಥೆಗಳಿಗೆ ಪರಿಕಲ್ಪನಾ ಟಿಪ್ಪಣಿ ಮತ್ತು ಸ್ಥೂಲ ವೆಚ್ಚ ಅಂದಾಜು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಗ್ರಾಮಗಳ ಕೆರೆ ಸಮಿತಿಗಳು ಹೂಳೆತ್ತುವ ಕಾಮಗಾರಿಗೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನಾಗಲಿ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ನಮ್ಮೂರು ನಮ್ಮ ಕೆರೆ'ಯಂತಹ ಕಾರ್ಯಕ್ರಮಗಳ ನೆರವನ್ನಾಗಲಿ ಕೋರುವಾಗ ಮೊದಲ ಭೇಟಿಗೆ ಸವಿಸ್ತಾರ ಯೋಜನಾ ವರದಿಯ ಅಗತ್ಯವಿರುವುದಿಲ್ಲ. ಎರಡು ಪುಟಗಳ ಪರಿಕಲ್ಪನಾ ಟಿಪ್ಪಣಿ ಸಾಕು. ಅದರಲ್ಲಿ ವೆಚ್ಚವನ್ನು ಒಂದೇ ಮೊತ್ತವಾಗಿ ತೋರಿಸದೆ, ಕನಿಷ್ಠ ಮತ್ತು ಗರಿಷ್ಠ ಮಿತಿಗಳ ನಡುವಿನ ಅಂದಾಜಾಗಿ ತೋರಿಸುವುದು ಸೂಕ್ತ. ಸರ್ವೆ ಆಗುವ ಮೊದಲೇ ರೂ. 18,73,450 ಎಂಬಂತಹ ಬಿಡಿ ಅಂಕಿಯನ್ನು ಬರೆದಲ್ಲಿ ಅದನ್ನೇ ಅಂತಿಮ ಬೇಡಿಕೆಯೆಂದು ಭಾವಿಸಲಾಗುತ್ತದೆ. ಮುಂದೆ ಮೊತ್ತ ಬದಲಾದಾಗ ಸಮಿತಿಯ ಲೆಕ್ಕದ ಮೇಲೆಯೇ ಸಂಶಯ ಮೂಡುತ್ತದೆ.

ಟಿಪ್ಪಣಿ ಬರೆಯುವ ಮೊದಲು ಕೆರೆಯ ಒಡೆತನವನ್ನು ಖಚಿತಪಡಿಸಿಕೊಳ್ಳತಕ್ಕದ್ದು. 40 ಹೆಕ್ಟೇರಿನವರೆಗೆ ಅಚ್ಚುಕಟ್ಟು ಹೊಂದಿರುವ ಕೆರೆಗಳು ಸಾಮಾನ್ಯವಾಗಿ ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಯಾರ ಅನುಮತಿ ಬೇಕು ಎಂಬುದನ್ನು ಟಿಪ್ಪಣಿಯ ಆರಂಭದಲ್ಲಿಯೇ ನಮೂದಿಸಬೇಕು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಸಂಗತಿ ಬೇರೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಈ ಕೆರೆ ಸಂರಕ್ಷಣಾ ಮೀಸಲು ಪ್ರದೇಶವಾಗಿದ್ದು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಕಾಮಗಾರಿಯ ಮಾತೂ ಇಲ್ಲ.

ಹೂಳಿನ ಪ್ರಮಾಣ

ಕೆರೆಯ ವಿಸ್ತೀರ್ಣವನ್ನು ಪಹಣಿಯಿಂದ ತಿಳಿಯಬಹುದು. ಹೂಳಿನ ಆಳವನ್ನು ಮಾತ್ರ ಅಗೆದೇ ನೋಡಬೇಕು. ಕೆರೆ ಒಣಗಿದಾಗ ಐದಾರು ಕಡೆ ಗುಂಡಿ ತೋಡಿದರೆ ಮೃದುವಾದ, ಪದರ ಪದರವಾಗಿ ಬಿಡುವ ಹೂಳು ಮುಗಿದು ಗಟ್ಟಿ ನೆಲ ಸಿಗುವ ಮಟ್ಟ ತಿಳಿಯುತ್ತದೆ. ಎರೆ ಭೂಮಿಯಲ್ಲಿ ಹೂಳಿಗೂ ಮೂಲ ನೆಲಕ್ಕೂ ಬಣ್ಣದ ವ್ಯತ್ಯಾಸ ಕಡಿಮೆ. ಅಲ್ಲಿ ಹಳೆಯ ತೂಬಿನ ತಳಮಟ್ಟವನ್ನು ಗುರುತಾಗಿ ಇಟ್ಟುಕೊಳ್ಳಬಹುದು. ಮೂಲ ತಳದ ಜೇಡಿಯನ್ನು ಕಡಿದು ಹಾಕಿದಲ್ಲಿ ನೀರು ಇಂಗಿಹೋಗಿ ಕೆರೆ ನಿಲ್ಲದಂತಾಗುವ ಅಪಾಯವಿದೆ. ಆದುದರಿಂದ ಹೆಚ್ಚು ಆಳ ಎಂದರೆ ಹೆಚ್ಚು ಲಾಭ ಎಂದು ಭಾವಿಸಬಾರದು.

ಉದಾಹರಣೆಗಾಗಿ 12 ಎಕರೆಯ ಒಂದು ಕೆರೆಯನ್ನು ಊಹಿಸಿಕೊಳ್ಳಬಹುದು. ಅದರಲ್ಲಿ 8 ಎಕರೆ, ಅಂದರೆ ಸುಮಾರು 32,000 ಚದರ ಮೀಟರ್ ಭಾಗದಲ್ಲಿ ಹೂಳಿದೆ. ಆರು ಗುಂಡಿಗಳ ಆಧಾರದ ಮೇಲೆ ಸರಾಸರಿ ಆಳ 0.5ರಿಂದ 0.8 ಮೀಟರ್ ಇರಬಹುದೆಂದು ಕಂಡಿದೆ. ಹಾಗಾದರೆ ಹೂಳಿನ ಪ್ರಮಾಣ 16,000ದಿಂದ 25,600 ಘನ ಮೀಟರ್. ಯಂತ್ರದಿಂದ ಅಗೆದು ಟ್ರ್ಯಾಕ್ಟರ್‌ಗೆ ತುಂಬಲು ಘನ ಮೀಟರಿಗೆ ರೂ. 50ರಿಂದ 80 ಎಂದು ಹಿಡಿದರೆ ವೆಚ್ಚ ರೂ. 8 ಲಕ್ಷದಿಂದ 20.5 ಲಕ್ಷ. (ಇಲ್ಲಿನ ದರಗಳೆಲ್ಲ ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ ಹಿಡಿದವು. ಅರ್ಜಿದಾರರು ಪ್ರಚಲಿತ ದರಪಟ್ಟಿಯನ್ನೂ ಸ್ಥಳೀಯ ಬಾಡಿಗೆಯನ್ನೂ ವಿಚಾರಿಸಿ, ವಿಚಾರಿಸಿದ ತಿಂಗಳನ್ನು ಬರೆಯತಕ್ಕದ್ದು.)

ಗರಿಷ್ಠ ಮೊತ್ತ ಕನಿಷ್ಠದ ಎರಡೂವರೆ ಪಟ್ಟು ಇರುವ ಇಂತಹ ಅಂದಾಜಿನಿಂದ ಮಾತುಕತೆ ಮುಂದುವರಿಯುವುದು ಕಷ್ಟ. ಇದಕ್ಕೆ ಪರಿಹಾರವೆಂದರೆ ಇನ್ನೂ ಹತ್ತು ಹನ್ನೆರಡು ಗುಂಡಿಗಳನ್ನು ಸಮ ಅಂತರದಲ್ಲಿ ತೋಡಿಸುವುದು ಮತ್ತು ಇಬ್ಬರು ಮೂವರು ಯಂತ್ರ ಮಾಲೀಕರಿಂದ ದರ ಪಡೆಯುವುದು. ಆಗ ಆಳ 0.6ರಿಂದ 0.7 ಮೀಟರಿಗೆ, ದರ ರೂ. 60ರಿಂದ 75ಕ್ಕೆ ಬಂದು ನಿಂತಿತೆನ್ನೋಣ. ಅಂದಾಜು ರೂ. 11.5 ಲಕ್ಷದಿಂದ 17 ಲಕ್ಷಕ್ಕೆ ಕುಗ್ಗುತ್ತದೆ. ಇದಕ್ಕೆ ತಗಲುವುದು ಒಂದೆರಡು ದಿನದ ಕೂಲಿ ಮಾತ್ರ.

ಹೂಳು ಎಲ್ಲಿಗೆ ಹೋಗುತ್ತದೆ

ಹೆಚ್ಚಿನ ಟಿಪ್ಪಣಿಗಳು ಎಡವುವುದು ಇಲ್ಲಿ. "ಹೂಳನ್ನು ರೈತರು ಸ್ವಂತ ಖರ್ಚಿನಲ್ಲಿ ಒಯ್ಯುವರು" ಎಂಬ ಒಂದು ವಾಕ್ಯ ಬರೆದು ಸಾಗಾಟದ ವೆಚ್ಚವನ್ನು ಸೊನ್ನೆ ಎಂದು ತೋರಿಸಲಾಗಿರುತ್ತದೆ. ಮಸಾರಿ ಭೂಮಿಯ ರೈತರು ಕೆರೆಯ ಮಣ್ಣನ್ನು ಆಸೆಯಿಂದ ಒಯ್ಯುತ್ತಾರೆ, ನಿಜ. ಎರೆ ಹೊಲದವರಿಗೆ ಅದರ ಅವಶ್ಯಕತೆ ಅಷ್ಟಿರುವುದಿಲ್ಲ. ಕೆರೆಯ ಸುತ್ತ ಯಾವ ಭೂಮಿ ಎಷ್ಟಿದೆ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ.

ಮೇಲಿನ ಕೆರೆಯಲ್ಲಿ ಸುಮಾರು 20,000 ಘನ ಮೀಟರ್ ಹೂಳಿದೆ ಎನ್ನೋಣ. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗದಷ್ಟು ಉಬ್ಬುವುದರಿಂದ ಸಾಗಿಸಬೇಕಾದುದು 25,000 ಘನ ಮೀಟರ್. ಒಂದು ಟ್ರೇಲರಿಗೆ 3 ಘನ ಮೀಟರಿನಂತೆ ಇದು 8,300ಕ್ಕೂ ಹೆಚ್ಚು ಟ್ರಿಪ್. ಸಮಿತಿಯು ಮನೆಮನೆಗೆ ಹೋಗಿ ಕೇಳಿದಾಗ 50 ಮಂದಿ ಮಸಾರಿ ರೈತರು ತಲಾ 2 ಎಕರೆಗೆ, ಎಕರೆಗೆ 50 ಟ್ರಿಪ್‌ನಂತೆ ಒಯ್ಯಲು ಒಪ್ಪಿದರು ಎಂದಾದರೆ ಒಟ್ಟು 5,000 ಟ್ರಿಪ್ ಆಯಿತು. ಉಳಿದ 3,300 ಟ್ರಿಪ್‌ಗಳನ್ನು ಬಾಡಿಗೆ ಕೊಟ್ಟು ಸಾಗಿಸಬೇಕು. ಟ್ರಿಪ್‌ಗೆ ರೂ. 250ರಿಂದ 400 ಎಂದರೂ ರೂ. 8 ಲಕ್ಷದಿಂದ 13 ಲಕ್ಷ ಹೆಚ್ಚುವರಿ ಬೀಳುತ್ತದೆ. ಅದನ್ನು ಸುರಿಯಲು ಜಾಗವೂ ಬೇಕು. ಕೆರೆಯ ಅಂಚಿನಲ್ಲಿಯೇ ರಾಶಿ ಹಾಕಿದರೆ ಮುಂದಿನ ಮಳೆಗಾಲದಲ್ಲಿ ಅದೇ ಮಣ್ಣು ಮತ್ತೆ ಕೆರೆ ಸೇರುತ್ತದೆ.

ಆದ್ದರಿಂದ ರೈತರು ಒಯ್ಯುವಷ್ಟನ್ನೇ ಮೊದಲ ಹಂತವಾಗಿ ತೋರಿಸುವುದು ಮೇಲು. 5,000 ಟ್ರಿಪ್ ಎಂದರೆ ನೆಲದಲ್ಲಿರುವ ಲೆಕ್ಕದಲ್ಲಿ 12,000 ಘನ ಮೀಟರ್. ಅಗೆದು ತುಂಬುವ ವೆಚ್ಚ ರೂ. 7.2 ಲಕ್ಷದಿಂದ 9 ಲಕ್ಷ. ಒಪ್ಪಿದ ರೈತರ ಹೆಸರು, ಸರ್ವೆ ನಂಬರ್ ಮತ್ತು ಟ್ರಿಪ್ ಸಂಖ್ಯೆಯ ಸಹಿ ಮಾಡಿದ ಪಟ್ಟಿ ಸಮಿತಿಯಲ್ಲಿರಬೇಕು. ಆ ಪಟ್ಟಿಯೇ ಗ್ರಾಮಸ್ಥರ ಪಾಲಿನ ಲೆಕ್ಕ. ನಗರ, ಪಟ್ಟಣಗಳ ಒಳಗಿನ ಕೆರೆಗಳಲ್ಲಿ ಚರಂಡಿ ನೀರು ಸೇರಿದ್ದರೆ ಮಣ್ಣು ಪರೀಕ್ಷೆಯಾಗದೆ ಹೂಳನ್ನು ಹೊಲಕ್ಕೆ ಹಾಕುವ ಭರವಸೆಯನ್ನು ಬರೆಯಕೂಡದು.

ಟಿಪ್ಪಣಿಯಲ್ಲಿ ಬರೆಯುವ ರೀತಿ

"ಮೊದಲ ಹಂತದ ಅಂದಾಜು ರೂ. 7.2ರಿಂದ 9 ಲಕ್ಷ; ಇದು 18 ಗುಂಡಿಗಳ ಅಳತೆ ಮತ್ತು ಮೂರು ಮೌಖಿಕ ದರಗಳನ್ನು ಆಧರಿಸಿದೆ; ತೆರಿಗೆ ಸೇರಿಲ್ಲ; ಸಾಗಾಟ ರೈತರದು" ಎಂಬಷ್ಟು ಸ್ಪಷ್ಟತೆ ಸಾಕು. ಕೋಡಿ ಮತ್ತು ತೂಬಿನ ದುರಸ್ತಿಗೆ ಅಭಿಯಂತರರು ನೋಡುವ ಮೊದಲು ಯಾವ ಮೊತ್ತವನ್ನೂ ಹಾಕದೆ, "ಪರಿಶೀಲನೆಯ ನಂತರ ತಿಳಿಸಲಾಗುವುದು" ಎಂದು ಪ್ರತ್ಯೇಕವಾಗಿ ನಮೂದಿಸಬೇಕು. ದಾನಿಗಳು ಸಹಜವಾಗಿ ಕನಿಷ್ಠ ಮೊತ್ತವನ್ನೇ ನೆನಪಿಟ್ಟುಕೊಳ್ಳುತ್ತಾರೆ; ಆ ಮೊತ್ತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿರಬೇಕು.

2013ರ ಕಂಪನಿಗಳ ಕಾಯ್ದೆಯ 135ನೇ ಕಲಮಿನ ನಿಧಿಯನ್ನು ಕಂಪನಿಯ ಪರವಾಗಿ ವೆಚ್ಚ ಮಾಡುವ ಸಂಸ್ಥೆಯು 1-4-2021ರಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿತವಾಗಿರಬೇಕು. ನೋಂದಣಿಯಿಲ್ಲದ ಗ್ರಾಮ ಸಮಿತಿಯು ಅಂತಹ ಅರ್ಹ ಸಂಸ್ಥೆಯೊಂದರ ಮೂಲಕ ಮುಂದುವರಿಯುವುದಾಗಿ ತಿಳಿಸಬಹುದು.

ಕೆರೆ ಒಣಗಿ ಯಂತ್ರ ಇಳಿಯುವಂತಾಗುವುದು ಸಾಮಾನ್ಯವಾಗಿ ಫೆಬ್ರುವರಿಯಿಂದ ಮೇ ವರೆಗೆ ಮಾತ್ರ. ಆದಕಾರಣ ಮೊದಲ ಭೇಟಿಯನ್ನು ದೀಪಾವಳಿಯ ಆಸುಪಾಸಿನಲ್ಲಿ ಇಟ್ಟುಕೊಂಡರೆ ಅನುಮತಿ ಮತ್ತು ಸವಿಸ್ತಾರ ಅಂದಾಜಿಗೆ ಕಾಲಾವಕಾಶ ದೊರೆಯುತ್ತದೆ. ಗುಂಡಿಗಳ ಅಳತೆಗೆ ತಾಂತ್ರಿಕ ಸಲಹೆ ಬೇಕಾದವರು ಕೆರೆಯ ಹೆಸರು, ಸರ್ವೆ ನಂಬರ್ ಮತ್ತು ಪಹಣಿ ಪ್ರತಿಯೊಂದಿಗೆ ಗ್ರಾಮ ಪಂಚಾಯತಿಯ ಮೂಲಕ ಸಂಬಂಧಪಟ್ಟ ತಾಲ್ಲೂಕು ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಬಹುದು.